ಹೌದಾದರೆ ಎಲ್ಲಿಗೆ? ಇಲ್ಲವಾದರೆ ಎಲ್ಲಿಗೆ?

ತಿಕೋಟಾ ತಾಲೂಕಿನ ಕನಮಡಿಯಲ್ಲಿ ಒಂದು ಮನೆ. ಮನೆಯಲ್ಲಿ ಅತ್ತೆ, ಸೊಸೆ, ಒಂದೂವರೆ ವರ್ಷದ ಕೂಸು. ಅತ್ತೆ ಈಗ ಅಕ್ಷರ ಕಲಿತಿದ್ದಾಳೆ. ಕೂಡಿಸಿ ಕೂಡಿಸಿ ಓದುತ್ತಾಳೆ.

ಒಂದು ದಿನ ಸೊಸೆ ಕೂಸಿಗೆ ಲಸಿಕೆ ಹಾಕಿಸಲು ಹೋದಳು. ಅಲ್ಲಿ ಗೋಡೆಗೆ ಒಂದು ಚಿತ್ರಪಟ ಇತ್ತು. ಮಗುವಿಗೆ ಭೇದಿ ಆದರೆ ಏನು ಮಾಡಬೇಕು ಎಂದು ಅದರಲ್ಲಿ ಬರೆದಿತ್ತು. ಸೊಸೆ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡಳು. ಮನೆಗೆ ಬಂದು ನೋಡಿದರೆ ಅಕ್ಷರ ಬಹಳ ಸಣ್ಣವು. ಅತ್ತೆಗೆ ಕಾಣಲಿಲ್ಲ. ಸೊಸೆ ಅದನ್ನು ದೊಡ್ಡ ಅಕ್ಷರದಲ್ಲಿ ಕಾಗದಕ್ಕೆ ಇಳಿಸಿದಳು. ಹೀಗೆ ಬರೆದಳು:

ಮಗುವಿಗೆ ಭೇದಿ. ಅಪಾಯದ ಗುರುತು ಇದೆಯೇ? ಕೂಡಲೇ ದವಾಖಾನೆಗೆ ಒಯ್ಯಿರಿ. ಮನೆಯಲ್ಲಿ ಓಆರ್‌ಎಸ್ ಕುಡಿಸಿರಿ.

ಅತ್ತೆ ಓದಿದಳು. ಮತ್ತೊಮ್ಮೆ ಓದಿದಳು.

"ಅಲ್ಲವಾ, ಇದೇನು ಬರದೀ? ಕೂಸಿನ್ನ ದವಾಖಾನಿಗೆ ಒಯ್ಯೂದೋ, ಮನ್ಯಾಗ ಇಟಗೊಂಡು ನೀರು ಕುಡಸೂದೋ?"

"ಫೋಟೋದಾಗ ಇದ್ದಂಗ ಬರದೀನ್ರಿ ಅತ್ತಿ."

"ಫೋಟೋದಾಗ ಈ ಗೆರಿ ಯಾಕ ಅದಾವ? ಗೆರಿ ನೀ ಬರದೇ ಇಲ್ಲ."

ಅತ್ತೆಯ ಮಾತು ಸರಿ. ಸೊಸೆ ಪುಸ್ತಕ ಓದಿದಂತೆ ಸಾಲಾಗಿ ಓದಿದ್ದಳು. ಆದರೆ ಚಿತ್ರಪಟವನ್ನು ಸಾಲಾಗಿ ಓದಬಾರದು. ಬಾಣದ ಗೆರೆ ಹಿಡಿದು ಓದಬೇಕು. ಪಕ್ಕಪಕ್ಕದ ಎರಡು ಮಾತು ಎರಡು ಬೇರೆ ದಾರಿಗೆ ಸೇರಿರುತ್ತವೆ.

ಚಿತ್ರಪಟದ ಗುರುತು

ಅತ್ತೆ ಸೊಸೆ ಇಬ್ಬರೂ ಕೂಡಿ ಫೋಟೋ ನೋಡಿದರು. ಅದರಲ್ಲಿ ಮಾತುಗಳನ್ನು ಮನೆ ಮನೆ ಮಾಡಿ ಬರೆದಿತ್ತು. ಕೆಲವು ಮನೆ ಚೌಕ. ಕೆಲವು ಮನೆ ಶಂಕರಪಾಳಿಯ ಹಾಗೆ.

ಚೌಕ ಮನೆಯಲ್ಲಿ ಮಾಡುವ ಕೆಲಸ ಇರುತ್ತದೆ. ಶಂಕರಪಾಳಿ ಮನೆಯಲ್ಲಿ ಪ್ರಶ್ನೆ ಇರುತ್ತದೆ. ಪ್ರಶ್ನೆಯ ಮನೆಯಿಂದ ಎರಡು ಬಾಣ ಹೊರಡುತ್ತವೆ. ಒಂದರ ಮೇಲೆ 'ಹೌದು' ಎಂದು ಬರೆದಿರುತ್ತದೆ. ಇನ್ನೊಂದರ ಮೇಲೆ 'ಇಲ್ಲ' ಎಂದು ಬರೆದಿರುತ್ತದೆ.

ಸೊಸೆ ಮೊದಲು ಪ್ರತಿ ಮನೆಗೂ ಒಂದು ಅಂಕಿ ಕೊಟ್ಟಳು. ಆಮೇಲೆ ಬಾಣ ಯಾವ ಮನೆಗೆ ಹೋಗುತ್ತದೋ ಆ ಅಂಕಿ ಬರೆದಳು. ಬಾಣ ಮುಂದೆ ಇಲ್ಲದಿದ್ದರೆ 'ಇಲ್ಲಿಗೆ ಮುಗಿಯಿತು' ಎಂದು ಬರೆದಳು. ಈಗ ಕಾಗದ ಹೀಗಾಯಿತು:

1. ಮಗುವಿಗೆ ನೀರಿನಂಥ ಭೇದಿ ಆಗುತ್ತಿದೆ. 2ಕ್ಕೆ ಹೋಗಿ.

2. ಇವುಗಳಲ್ಲಿ ಒಂದಾದರೂ ಇದೆಯೇ? ಕುಡಿಯಲು ಆಗುವುದಿಲ್ಲ. ಕುಡಿದದ್ದೆಲ್ಲ ವಾಂತಿ. ಫಿಟ್ಸ್ ಬಂದಿದೆ. ಎಬ್ಬಿಸಿದರೂ ಏಳುವುದಿಲ್ಲ.
ಹೌದು: 3ಕ್ಕೆ ಹೋಗಿ.
ಇಲ್ಲ: 4ಕ್ಕೆ ಹೋಗಿ.

3. 108ಕ್ಕೆ ಫೋನ್ ಮಾಡಿ. ಕೂಡಲೇ ದವಾಖಾನೆಗೆ ಒಯ್ಯಿರಿ. ಇಲ್ಲಿಗೆ ಮುಗಿಯಿತು.

4. ಭೇದಿಯಲ್ಲಿ ರಕ್ತ ಇದೆಯೇ?
ಹೌದು: 5ಕ್ಕೆ ಹೋಗಿ.
ಇಲ್ಲ: 6ಕ್ಕೆ ಹೋಗಿ.

5. ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ದಾರಿಯಲ್ಲಿ ಓಆರ್‌ಎಸ್ ಕುಡಿಸುತ್ತ ಹೋಗಿ. ಇಲ್ಲಿಗೆ ಮುಗಿಯಿತು.

6. ಮೈಯಲ್ಲಿ ನೀರು ಕಡಿಮೆ ಆದ ಗುರುತು ಇದೆಯೇ? ಕಣ್ಣು ಒಳಗೆ ಹೋಗಿವೆ. ಬಹಳ ನೀರಡಿಕೆ. ಸುಮ್ಮನೆ ಕಿರಿಕಿರಿ. ಹೊಟ್ಟೆಯ ಚರ್ಮ ಎಳೆದು ಬಿಟ್ಟರೆ ನಿಧಾನ ಹಿಂದೆ ಹೋಗುತ್ತದೆ.
ಹೌದು: 5ಕ್ಕೆ ಹೋಗಿ.
ಇಲ್ಲ: 7ಕ್ಕೆ ಹೋಗಿ.

7. ಮನೆಯಲ್ಲಿ ಓಆರ್‌ಎಸ್ ಕುಡಿಸಿ. ಒಂದು ಲೀಟರಿನ ಪಾಕೀಟು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೆ ಹಾಕಿ. ಪ್ರತಿ ಸಲ ಭೇದಿ ಆದ ಮೇಲೆ ಕುಡಿಸಿ. ಎರಡು ವರ್ಷದ ಒಳಗಿನ ಮಗುವಿಗೆ ಕಾಲು ಲೋಟದಿಂದ ಅರ್ಧ ಲೋಟ. ದೊಡ್ಡ ಮಗುವಿಗೆ ಅರ್ಧ ಲೋಟದಿಂದ ಒಂದು ಲೋಟ. ಎದೆಹಾಲು, ಊಟ ನಿಲ್ಲಿಸಬೇಡಿ. ಆಶಾ ಕಾರ್ಯಕರ್ತೆಯನ್ನು ಕೇಳಿ ಜಿಂಕ್ ಗುಳಿಗೆ ಶುರು ಮಾಡಿ. 8ಕ್ಕೆ ಹೋಗಿ.

8. ಭೇದಿ ನಿಂತಿತೇ?
ಹೌದು: 10ಕ್ಕೆ ಹೋಗಿ.
ಇಲ್ಲ: 9ಕ್ಕೆ ಹೋಗಿ.

9. ಭೇದಿ ಶುರುವಾಗಿ ಮೂರು ದಿನ ಆಯಿತೇ?
ಹೌದು: 5ಕ್ಕೆ ಹೋಗಿ.
ಇಲ್ಲ: ತಿರುಗಿ 2ಕ್ಕೆ ಹೋಗಿ.

10. ಓಆರ್‌ಎಸ್ ನಿಲ್ಲಿಸಿ. ಜಿಂಕ್ ಗುಳಿಗೆ 14 ದಿನ ಪೂರ್ತಿ ಕೊಡಿ. ಇಲ್ಲಿಗೆ ಮುಗಿಯಿತು.

ಅತ್ತೆ ಬೆರಳು ಇಟ್ಟು ಎಣಿಸಿದಳು. ಪ್ರಶ್ನೆ ಐದು. ಹೌದು ಐದು. ಇಲ್ಲ ಐದು. "ಈಗ ಲೆಕ್ಕ ಕೂಡಿತು ನೋಡು" ಎಂದಳು. ಒಂದು 'ಇಲ್ಲ' ಕಡಿಮೆ ಬಂದಿದ್ದರೆ ಒಂದು ಬಾಣ ಬಿಟ್ಟುಹೋಗಿದೆ ಎಂದು ತಿಳಿಯಬೇಕು.

5ನೇ ಮನೆಗೆ ಮೂರು ಕಡೆಯಿಂದ ಬಾಣ ಬರುತ್ತದೆ. 4ರಿಂದ, 6ರಿಂದ, 9ರಿಂದ. ಆದರೆ ಸೊಸೆ 5ನ್ನು ಮೂರು ಸಲ ಬರೆಯಲಿಲ್ಲ. '5ಕ್ಕೆ ಹೋಗಿ' ಎಂದರೆ ಸಾಕು.

ಕೂಸಿಗೆ ಭೇದಿ ಹತ್ತಿತು

ಹದಿನೈದು ದಿನ ಕಳೆಯಿತು. ಸೊಸೆ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿ ಅತ್ತೆ ಮತ್ತು ಕೂಸು. ಮಧ್ಯಾಹ್ನದೊಳಗೆ ಕೂಸಿಗೆ ನಾಲ್ಕು ಸಲ ನೀರಿನಂಥ ಭೇದಿ ಆಯಿತು. ಅತ್ತೆ ಕಾಗದ ತೆಗೆದಳು.

2ನೇ ಪ್ರಶ್ನೆ. ಕೂಸು ಕುಡಿಯುತ್ತಿತ್ತು. ವಾಂತಿ ಇರಲಿಲ್ಲ. ಎಚ್ಚರ ಇತ್ತು. ಇಲ್ಲ. 4ಕ್ಕೆ ಹೋದಳು. ರಕ್ತ ಇರಲಿಲ್ಲ. ಇಲ್ಲ. 6ಕ್ಕೆ ಹೋದಳು. ಹೊಕ್ಕುಳ ಮತ್ತು ಪಕ್ಕೆಯ ನಡುವೆ ಚರ್ಮವನ್ನು ಹೆಬ್ಬೆರಳು, ತೋರುಬೆರಳಿನಿಂದ ಮೆಲ್ಲಗೆ ಎತ್ತಿ ಬಿಟ್ಟಳು. ಚರ್ಮ ತಟ್ಟನೆ ಹಿಂದೆ ಹೋಯಿತು. ಕಣ್ಣು ಸರಿ ಇದ್ದವು. ಇಲ್ಲ. 7ಕ್ಕೆ ಹೋದಳು. ಓಆರ್‌ಎಸ್ ಕದಡಿ ಚಮಚದಿಂದ ಕುಡಿಸಿದಳು.

ಸಂಜೆಗೂ ಭೇದಿ ನಿಲ್ಲಲಿಲ್ಲ. 8ಕ್ಕೆ ಇಲ್ಲ. 9ಕ್ಕೂ ಇಲ್ಲ. ತಿರುಗಿ 2ರಿಂದ ನೋಡಿದರು. ಮೊದಲಿನ ಹಾಗೆಯೇ ಇತ್ತು.

ಮರುದಿನ ಮುಂಜಾನೆ ಕೂಸಿನ ಕಣ್ಣು ಒಳಗೆ ಹೋಗಿದ್ದವು. ಲೋಟ ಕಂಡರೆ ಹಟ ಹಿಡಿದು ಕುಡಿಯುತ್ತಿತ್ತು. ಎತ್ತಿದ ಚರ್ಮ ಮಡಿಕೆಯಾಗಿ ಸ್ವಲ್ಪ ಹೊತ್ತು ಹಾಗೇ ನಿಂತಿತು.

"6ಕ್ಕ ಹೌದು ಬಂತವಾ. 5ಕ್ಕ ನಡಿ" ಎಂದಳು ಅತ್ತೆ.

"ನೀರು ಕುಡಿಯಾಕತ್ತೈತೆಲ್ರಿ ಅತ್ತಿ. ಸಂಜಿತನಾ ನೋಡೂಣೇನ್ರಿ?"

"ನಿನ್ನಿ ಇಲ್ಲ ಇತ್ತು. ಇವತ್ತ ಹೌದು ಆಗೈತಿ. ಹೌದು ಅಂದ ಮ್ಯಾಲ 7ಕ್ಕ ದಾರಿ ಇಲ್ಲ."

ದಾರಿಯುದ್ದಕ್ಕೂ ಚಮಚದಿಂದ ಓಆರ್‌ಎಸ್ ಕುಡಿಸುತ್ತ ಹೋದರು. ಆರೋಗ್ಯ ಕೇಂದ್ರದಲ್ಲಿ ನಾಲ್ಕು ತಾಸು ಕೂಡಿಸಿಕೊಂಡು, ತೂಕ ನೋಡಿ, ಅಷ್ಟಕ್ಕೆ ತಕ್ಕ ಓಆರ್‌ಎಸ್ ಕುಡಿಸಿದರು. ಮಧ್ಯಾಹ್ನ ಕೂಸು ಉಚ್ಚೆ ಹೊಯ್ಯಿತು. ಚರ್ಮ ತಟ್ಟನೆ ಹಿಂದೆ ಹೋಗತೊಡಗಿತು. ಸಂಜೆ ಮನೆಗೆ ಬಂದರು.

ಕಾಗದದಲ್ಲಿ 'ತಿರುಗಿ 2ಕ್ಕೆ ಹೋಗಿ' ಎಂಬ ಮಾತು ಇರದಿದ್ದರೆ ಅತ್ತೆ 7ರಲ್ಲೇ ನಿಂತುಬಿಡುತ್ತಿದ್ದಳು. ಒಮ್ಮೆ ನೋಡಿದ್ದೇವೆ ಎಂದು ಮರುದಿನ ನೋಡುತ್ತಿರಲಿಲ್ಲ.

ನೆನಪಿಡಿ

ಎರಡು ತಿಂಗಳ ಒಳಗಿನ ಕೂಸಿಗೆ ಈ ಕಾಗದ ಅಲ್ಲ. ಅಂಥ ಕೂಸಿಗೆ ಭೇದಿ ಆದರೆ ನೇರವಾಗಿ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು.

ಕದಡಿದ ಓಆರ್‌ಎಸ್ 24 ತಾಸು ಮಾತ್ರ ಇಡಬೇಕು. ಉಳಿದದ್ದನ್ನು ಚೆಲ್ಲಬೇಕು.

ಕುಡಿಸಿದಾಗ ಒಮ್ಮೆ ವಾಂತಿ ಆದರೆ ಹತ್ತು ನಿಮಿಷ ಬಿಡಿ. ಆಮೇಲೆ ಇನ್ನೂ ನಿಧಾನವಾಗಿ ಚಮಚದಿಂದ ಕುಡಿಸಿ.

ಮಾಡಿ ನೋಡಿ

1. ಒಂದು ಮಗು ಮೂರು ವರ್ಷದ್ದು. ಚೆನ್ನಾಗಿ ಕುಡಿಯುತ್ತದೆ. ಭೇದಿಯಲ್ಲಿ ರಕ್ತ ಇದೆ. ಕಾಗದದ ಮೇಲೆ ಬೆರಳು ಇಟ್ಟು ಹೋಗಿ. ಯಾವ ಅಂಕಿಗೆ ಮುಗಿಯಿತು?

2. ಇನ್ನೊಂದು ಮಗು ಎಬ್ಬಿಸಿದರೂ ಏಳುವುದಿಲ್ಲ. ಅದಕ್ಕೆ 4, 6 ಓದಬೇಕೇ? ಯಾಕೆ?

3. 3ನೇ ಮಾತಿನ ಕೊನೆಗೆ 'ಇಲ್ಲಿಗೆ ಮುಗಿಯಿತು' ಎಂದು ಬರೆಯದಿದ್ದರೆ ಓದುವವರು ಏನು ತಪ್ಪು ತಿಳಿಯಬಹುದು? ಪಕ್ಕದವರಿಗೆ ಹೇಳಿ.