ರೆಕಾರ್ಡಿಂಗ್‌ನಿಂದ ಫೈಲಿಗೆ ಏನು ಹೋಗಬೇಕು

ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಎಚ್‌ಆರ್ ಕೆಲಸಕ್ಕೆ ಹೊಸದಾಗಿ ಸೇರಿರುವ ತಂಗಿಗೆ,

ಏಪ್ರಿಲ್ ಬಂತೆಂದರೆ ಅಪ್ರೈಸಲ್ ಮಾತುಕತೆಯ ರೆಕಾರ್ಡಿಂಗ್‌ಗಳು ನಿನ್ನ ಮೇಜಿಗೆ ಬರುತ್ತವೆ. ಮುಕ್ಕಾಲು ಗಂಟೆಯ ಮಾತನ್ನು ಒಂದು ಪುಟಕ್ಕಿಳಿಸಿ ಫೈಲಿಗೆ ಹಾಕಮ್ಮ ಅನ್ನುತ್ತಾರೆ. ಕೈ ಹಾಕುವ ಮುಂಚೆ ಇಷ್ಟು ತಿಳಿದಿರಲಿ: ಆ ಪುಟದಲ್ಲಿ ಇರಬೇಕಾದದ್ದು ಇಬ್ಬರೂ ಒಪ್ಪಿದ್ದು. ಮ್ಯಾನೇಜರ್ ಹೇಳಿದ್ದೆಲ್ಲ ಒಪ್ಪಂದವಾಗುವುದಿಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಪ್ಲಾಸ್ಟಿಕ್ ಮೋಲ್ಡಿಂಗ್ ವಿಭಾಗದ ಸೂಪರ್‌ವೈಸರ್, ಗುಬ್ಬಿಯಿಂದ ದಿನಾ ಓಡಾಡುವವನು. ಹನ್ನೊಂದನೇ ನಿಮಿಷದಲ್ಲಿ ಮ್ಯಾನೇಜರ್, 'ರಿಜೆಕ್ಷನ್ ನಾಲ್ಕು ಪರ್ಸೆಂಟ್ ಇದೆ, ಎರಡಕ್ಕೆ ತರಬೇಕು' ಅನ್ನುತ್ತಾರೆ. ಇವನು, 'ಆಯ್ತು ಸಾರ್, ನೋಡೋಣ' ಅನ್ನುತ್ತಾನೆ. ಅವಸರದಲ್ಲಿರುವವರು ಅಲ್ಲೇ 'ಗುರಿ: ಶೇ 2' ಎಂದು ಬರೆದು ಮುಗಿಸುತ್ತಾರೆ. ಆದರೆ ಮೂವತ್ತೆಂಟನೇ ನಿಮಿಷದವರೆಗೆ ಕೇಳು. ಹಳೇ ಮೋಲ್ಡ್ ಸವೆದಿದೆ, ಅದನ್ನು ಬದಲಾಯಿಸದೆ ಎರಡಕ್ಕೆ ಬರಲ್ಲ ಅಂತ ಇವನು ಹೇಳುತ್ತಾನೆ. ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರಿ, ಜೂನ್ ಒಳಗೆ ಮೋಲ್ಡ್ ಕೊಡಿಸ್ತೀನಿ, ಸೆಪ್ಟೆಂಬರ್‌ಗೆ ಎರಡೂವರೆ ಮಾಡು' ಅನ್ನುತ್ತಾರೆ. 'ಅದು ಮಾಡ್ತೀನಿ ಸಾರ್' ಅನ್ನುತ್ತಾನೆ ಇವನು. ಫೈಲಿಗೆ ಹೋಗಬೇಕಾದದ್ದು ಇದು.

ಅದಕ್ಕೇ ಮೊದಲ ಸಲ ಪೆನ್ನು ಹಿಡಿಯದೆ ಪೂರ್ತಿ ಕೇಳು. ಎರಡನೇ ಸಲ ನಿಮಿಷದ ಗುರುತು ಹಾಕಿಕೊಂಡು, ಯಾರು ಹೇಳಿದರು, ಎದುರಿನವರು ಏನೆಂದರು ಎಂದು ಪಕ್ಕಪಕ್ಕದಲ್ಲಿ ಬರೆ. ಒಂದೇ ವಿಷಯ ಎರಡು ಕಡೆ ಬಂದರೆ ಕೊನೆಗೆ ಎಲ್ಲಿ ನಿಂತಿತು ಅಂತ ನೋಡು. ಅಂಕಿಗಳನ್ನು ಮತ್ತೊಮ್ಮೆ ಕೇಳು. ಮೆಷಿನ್ ಸದ್ದಿನಲ್ಲಿ ಎರಡಕ್ಕೂ ಎರಡೂವರೆಗೂ ವ್ಯತ್ಯಾಸ ತಿಳಿಯದೆ ಹೋಗುವುದು ಸುಲಭ. ಆಮೇಲೆ ಬರೆಯುವ ವಾಕ್ಯ ಹೀಗಿರಬಹುದು: 'ಹೊಸ ಮೋಲ್ಡ್ ಜೂನ್ 30ರೊಳಗೆ ಬಂದರೆ, ರಿಜೆಕ್ಷನ್ ಶೇ 4ರಿಂದ ಸೆಪ್ಟೆಂಬರ್ ಕೊನೆಗೆ ಶೇ 2.5ಕ್ಕೆ. ಲೆಕ್ಕ ಕ್ವಾಲಿಟಿ ವಿಭಾಗದ ತಿಂಗಳ ವರದಿಯಿಂದ. ಮೋಲ್ಡ್ ತರಿಸುವುದು ಮ್ಯಾನೇಜರ್ ಹೊಣೆ.' ಆ 'ಬಂದರೆ' ಬಿಟ್ಟುಹೋದರೆ ಮುಂದಿನ ವರ್ಷ ಮೋಲ್ಡ್ ಬಾರದ ತಪ್ಪು ಈ ಹುಡುಗನ ತಲೆಗೆ ಬರುತ್ತದೆ.

ಸುಧಾರಿಸಬೇಕಾದ ಅಂಶಗಳನ್ನು ಬರೆಯುವಾಗ ಇನ್ನೂ ಎಚ್ಚರ ಬೇಕು. 'ನೀನು ಕೇರ್‌ಲೆಸ್' ಎಂದು ಮ್ಯಾನೇಜರ್ ಬೈದಿರಬಹುದು. ಅದನ್ನು ಬರೆದರೆ ಮನುಷ್ಯನಿಗೆ ಹಣೆಪಟ್ಟಿ ಅಂಟಿತು, ಏನು ತಿದ್ದಿಕೊಳ್ಳಬೇಕೆಂದು ಮಾತ್ರ ಗೊತ್ತಾಗಲಿಲ್ಲ. ಬೈಗುಳದ ಹಿಂದಿನ ಘಟನೆ ಹುಡುಕು. ಫೆಬ್ರವರಿಯಲ್ಲಿ ಪಾಳಿ ಬದಲಾಗುವಾಗ ಹ್ಯಾಂಡೋವರ್ ಪುಸ್ತಕದಲ್ಲಿ ಮೋಲ್ಡ್ ತಾಪಮಾನ ಬರೆದಿರಲಿಲ್ಲ, ಇನ್ನು ಮೇಲೆ ಪ್ರತಿ ಪಾಳಿ ಬರೆಯುತ್ತೇನೆ ಎಂದು ಇವನು ಒಪ್ಪಿದ. ಅಷ್ಟು ಬರೆ. ಘಟನೆಯೇ ಸಿಗಲಿಲ್ಲವೆಂದರೆ ಮ್ಯಾನೇಜರನ್ನು ಕೇಳು. ಅವರಿಗೂ ಹೇಳಲಾಗದಿದ್ದರೆ ಆ ಅಂಶ ಬಿಡು.

ಮಾತಿನ ನಡುವೆ ಅಮ್ಮನನ್ನು ಕುಣಿಗಲ್ ಆಸ್ಪತ್ರೆಗೆ ಸೇರಿಸಿರುವ ಸಂಗತಿಯೂ ಬಂದಿದೆ ಅಂದುಕೋ. 'ಜೂನ್‌ವರೆಗೆ ಮೊದಲ ಪಾಳಿ' ಎಂದು ಮ್ಯಾನೇಜರ್ ಒಪ್ಪಿದ್ದರೆ ಆ ಏರ್ಪಾಡು ಮಾತ್ರ ಬರೆ. ಅಮ್ಮನ ಕಾಯಿಲೆಗೆ ಫೈಲಿನಲ್ಲಿ ಜಾಗವಿಲ್ಲ. ಸಂಬಳದ ಬಗ್ಗೆ ಗೊಣಗಿದ್ದಕ್ಕೂ, ಪಕ್ಕದ ಲೈನಿನವನನ್ನು ದೂರಿದ್ದಕ್ಕೂ ಇಲ್ಲ.

ಒಂದು ಪುಟಕ್ಕೆ ಇಷ್ಟೆಲ್ಲ ಯಾಕೆ ಅಂತೀಯೇನೋ. ಗಡಿ ರಸ್ತೆ ಇಲಾಖೆಯ ಎಂಜಿನಿಯರ್ ದೇವ್ ದತ್ ಅವರ ಕಥೆ ಕೇಳು. ಅವರ 1993–94ರ ವರದಿಯಲ್ಲಿ 'ಉತ್ತಮ' ಎಂದಿತ್ತು. ಕೇಳಲು ಚೆನ್ನಾಗಿಯೇ ಇದೆ. ಆದರೆ ಬಡ್ತಿಗೆ ಐದು ವರ್ಷ 'ಅತ್ಯುತ್ತಮ' ಬೇಕಿತ್ತು, ಈ ಒಂದು ನಮೂದು ಅಡ್ಡ ಬಂತು, ಅದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. 2008ರ ಮೇನಲ್ಲಿ ಸುಪ್ರೀಂ ಕೋರ್ಟ್, ಒಳ್ಳೆಯದಿರಲಿ ಕೆಟ್ಟದ್ದಿರಲಿ ಪ್ರತಿ ನಮೂದನ್ನೂ ನೌಕರರಿಗೆ ತಿಳಿಸಬೇಕು ಎಂದಿತು. ಸರ್ಕಾರಿ ನೌಕರರಿಗೂ, ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ನಡೆಸುವ ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ಯಮದವರಿಗೂ ಹೇಳಿದ ಮಾತದು. ನಿನ್ನದು ಖಾಸಗಿ ಕಂಪನಿ, ನೇರವಾಗಿ ಕಟ್ಟುಪಾಡಿಲ್ಲ. ಆದರೂ ಆ ಪದ್ಧತಿಯನ್ನೇ ಹಿಡಿ ಎನ್ನುತ್ತೇನೆ.

ಕರಡನ್ನು ಇಬ್ಬರಿಗೂ ಒಂದೇ ದಿನ ಕೊಡು. ಮ್ಯಾನೇಜರ್ ತಿದ್ದಿದ ಮೇಲೆ ನೌಕರನಿಗೆ ತೋರಿಸುವುದು ನನಗೆ ಸರಿಬರುವುದಿಲ್ಲ; ಆಗ ಅವನು ಸಹಿ ಹಾಕುತ್ತಾನೆಯೇ ಹೊರತು ಓದುವುದಿಲ್ಲ. ಇಂಗ್ಲಿಷ್ ಫಾರಂ ಆಗಿದ್ದರೆ ಜೊತೆಗೆ ಕನ್ನಡ ಪ್ರತಿ ಇರಲಿ. ಆಕ್ಷೇಪಕ್ಕೆ ಒಂದು ವಾರ ಬಿಡು. ಯಾರಾದರೂ ನಾನು ಹಾಗೆ ಹೇಳಿಲ್ಲ ಎಂದರೆ ವಾದಕ್ಕೆ ಇಳಿಯದೆ, ಗುರುತು ಹಾಕಿದ ನಿಮಿಷಕ್ಕೆ ಹೋಗಿ ಇಬ್ಬರನ್ನೂ ಕೂರಿಸಿ ಕೇಳಿಸು. ಆಮೇಲೂ ಹೊಂದದಿದ್ದರೆ 'ಈ ಅಂಶದಲ್ಲಿ ಒಮ್ಮತವಾಗಿಲ್ಲ' ಎಂದು ಬರೆದು ಇಬ್ಬರ ಮಾತನ್ನೂ ಒಂದೊಂದು ಸಾಲಿನಲ್ಲಿ ಕೊಡು. ಸಹಿ ಆದ ಪುಟ ಫೈಲಿಗೆ, ಒಂದು ಪ್ರತಿ ನೌಕರನ ಕೈಗೆ. ರೆಕಾರ್ಡಿಂಗ್ ಫೈಲಿಗೆ ಹೋಗುವುದು ಬೇಡ. ಕಂಪನಿ ನಿಯಮದಲ್ಲಿ ಎಷ್ಟು ದಿನ ಎಂದಿದೆಯೋ ಅಷ್ಟು ದಿನ ಬೀಗದಲ್ಲಿಟ್ಟು ಆಮೇಲೆ ಅಳಿಸು, ಅಳಿಸಿದ ದಿನಾಂಕ ಬರೆದಿಡು.

ಇಂತಿ,
ತುಮಕೂರಿನ ನಿವೃತ್ತ ಪರ್ಸನಲ್ ಆಫೀಸರ್