ಆರ್ಥಿಕ ಗೇಣಿ: ನಂದಿದುರ್ಗ ಗಣಿಯ ಲೆಕ್ಕ

ಒಂದು ಸಂಪನ್ಮೂಲವನ್ನು ಒದಗಿಸಲು ಬೇಕಾದ ಕನಿಷ್ಠ ಪಾವತಿ ವರ್ಗಾವಣೆ ಗಳಿಕೆ; ಅದರ ಮೇಲೆ ಸಿಗುವ ಹೆಚ್ಚುವರಿಯೇ ಆರ್ಥಿಕ ಗೇಣಿ. ಮನೆ ಬಾಡಿಗೆಯೊಂದಿಗೆ ಇದನ್ನು ಬೆರೆಸಬೇಡಿ.

ಕೋಲಾರ ಚಿನ್ನದ ಗಣಿ ಪ್ರದೇಶದ ನಂದಿದುರ್ಗ ಗಣಿಯನ್ನೇ ನೋಡೋಣ. ಲೆಕ್ಕಕ್ಕಾಗಿ ಗ್ರಾಂ ಚಿನ್ನದ ಬೆಲೆ 1000 ರೂಪಾಯಿ ಎಂದಿಟ್ಟುಕೊಳ್ಳಿ. ಸಮೃದ್ಧ ಅದಿರಿನಿಂದ ಒಂದು ಗ್ರಾಂ ತೆಗೆಯಲು, ಬಂಡವಾಳದ ಸಾಮಾನ್ಯ ಪ್ರತಿಫಲವೂ ಸೇರಿ, 600 ರೂಪಾಯಿ ಸಾಕು. ಉಳಿದ 400 ಗೇಣಿ. ಇದರಲ್ಲಿ 300 ರೂಪಾಯಿಯನ್ನು ಸರ್ಕಾರ ಪಡೆದರೂ ಗಣಿ ನಿಲ್ಲುವುದಿಲ್ಲ, ಏಕೆಂದರೆ ಕನಿಷ್ಠ 600 ಕೈಸೇರಿ ಇನ್ನೂ 100 ಉಳಿಯುತ್ತದೆ. ಪೂರ್ತಿ 400 ಗಣಿಗೇ ಬಿಟ್ಟುಕೊಟ್ಟರೂ ಆ ಅದಿರಿನಲ್ಲಿ ಚಿನ್ನ ಒಂದು ಗುಂಜಿಯೂ ಹೆಚ್ಚುವುದಿಲ್ಲ. ಡೇವಿಡ್ ರಿಕಾರ್ಡೊ 1817ರಲ್ಲಿ ಕೃಷಿಭೂಮಿಯ ಬಗ್ಗೆ ಹೇಳಿದ ತರ್ಕವೂ ಇದೇ: ಬೆಲೆ ಏರಿದ್ದರಿಂದ ಗೇಣಿ ಹುಟ್ಟುತ್ತದೆ, ಗೇಣಿಯಿಂದ ಬೆಲೆ ಏರುವುದಿಲ್ಲ.

ಅಭ್ಯರ್ಥಿಗಳು ಎಡವುವುದು ರಾಜಧನದ ಪ್ರಶ್ನೆಯಲ್ಲಿ. ಮೈಸೂರು ಸಂಸ್ಥಾನ ಇಲ್ಲಿನ ಚಿನ್ನದ ಮೌಲ್ಯದ ಮೇಲೆ ಶೇ. 5 ರಾಜಧನ ಪಡೆಯುತ್ತಿತ್ತು. ನಮ್ಮ ಲೆಕ್ಕದಲ್ಲಿ ಅದು ಗ್ರಾಂಗೆ 50 ರೂಪಾಯಿ. ಸಮೃದ್ಧ ಅದಿರು ಇದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ಆದರೆ 970 ರೂಪಾಯಿ ವೆಚ್ಚದ ಬಡ ಅದಿರಿಗೆ ಗೇಣಿ ಇರುವುದೇ 30. ರಾಜಧನ ಕೊಟ್ಟರೆ 20 ನಷ್ಟ. ಆ ಅದಿರು ನೆಲದಲ್ಲೇ ಉಳಿಯುತ್ತದೆ. ಅಂದರೆ ಗೇಣಿಯನ್ನಷ್ಟೇ ಮುಟ್ಟುವ ತೆರಿಗೆ ಪೂರೈಕೆಯನ್ನು ಬದಲಿಸದು. ಮೌಲ್ಯದ ಮೇಲಿನ ರಾಜಧನ ಅಂಚಿನ ಅದಿರಿನ ಪೂರೈಕೆಯನ್ನು ಕುಗ್ಗಿಸುತ್ತದೆ.

ಆಳ ಹೆಚ್ಚಿ, ಅದಿರು ಬಡವಾಗಿ, ವೆಚ್ಚ ಬೆಲೆಯನ್ನು ಮೀರಿದಾಗ ಗೇಣಿಯೇ ಇಲ್ಲವಾಯಿತು. 2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳು ಮುಚ್ಚಿದವು.