ಕೀಲಿಕೈ ಪಡೆಯುವ ಮುನ್ನ ಫ್ಲ್ಯಾಟಿನಲ್ಲಿ ಒಂದು ಸುತ್ತು

ಪೊಸೆಷನ್ ಪತ್ರಕ್ಕೆ ಸಹಿ ಹಾಕುವ ಮೊದಲು ಫ್ಲ್ಯಾಟ್ ನೋಡಲು ಎರಡು ದಿನ ಕೇಳಿ ಪಡೆಯಿರಿ. ಬಕೆಟ್, ಒಂದು ನಾಣ್ಯ, ಪೆನ್ಸಿಲ್, ಫೋನ್ ಚಾರ್ಜರ್ ಜೊತೆಗಿದ್ದರೆ ಸಾಕು.

ಶುರು ಮಾಡಬೇಕಾದದ್ದು ಹಾಲ್‌ನಿಂದಲ್ಲ, ಬಚ್ಚಲುಮನೆಯಿಂದ. ಮೊದಲು ಬಾಗಿಲ ಬಳಿ ಒಂದು ಬಕೆಟ್ ನೀರು ಸುರಿಯಿರಿ. ಅದು ತಾನಾಗಿ ಜಾಲರಿಯತ್ತ ಹರಿಯಬೇಕು. ಮೂಲೆಯಲ್ಲಿ ನಿಂತರೆ ಇಳಿಜಾರು ಸರಿಯಿಲ್ಲ. ಇದನ್ನು ಆಮೇಲೆ ನೋಡೋಣ ಎಂದು ಬಿಡಬೇಡಿ. ಇಳಿಜಾರು ಸರಿಪಡಿಸಲು ಟೈಲ್ಸ್ ಒಡೆಯಬೇಕಾಗುತ್ತದೆ, ಆಗ ಅದರಡಿಯ ವಾಟರ್‌ಪ್ರೂಫಿಂಗ್ ಪದರಕ್ಕೂ ಪೆಟ್ಟು ಬೀಳಬಹುದು.

ಬಳಿಕ ಜಾಲರಿಯ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಹೊಸಿಲು ದಾಟದಂತೆ ಒಂದು ಇಂಚಿನಷ್ಟು ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಗೋಡೆಯ ಟೈಲ್ಸ್ ಮೇಲೆ ಪೆನ್ಸಿಲ್ ಗೆರೆ ಎಳೆದು 24 ಗಂಟೆ ಬಿಡಿ.

ನೀರು ನಿಂತಿರುವಾಗ ಉಳಿದ ಕೋಣೆಗಳನ್ನು ನೋಡಬಹುದು. ಹಾಲ್ ಮತ್ತು ಮಲಗುವ ಕೋಣೆಗಳಲ್ಲಿ ಪ್ರತಿ ಟೈಲ್ಸನ್ನೂ, ಮುಖ್ಯವಾಗಿ ಅದರ ಮೂಲೆಗಳನ್ನು, ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ಹಿಡಿದಿಲ್ಲ. ಭಾರವಾದ ಬೀರು ಇಟ್ಟಾಗ ಬಿರುಕು ಬಿಡುವುದು ಅಲ್ಲೇ. ಚಾರ್ಜರನ್ನು ಎಲ್ಲ ಪ್ಲಗ್ ಪಾಯಿಂಟಿಗೂ ಹಾಕಿ ನೋಡಿ. ವಿದ್ಯುತ್ ಪೆಟ್ಟಿಗೆಯಲ್ಲಿರುವ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದರೆ ಕರೆಂಟ್ ಕೂಡಲೇ ಕಡಿತವಾಗಬೇಕು. ಆಗದಿದ್ದರೆ ಶಾಕ್ ಹೊಡೆದಾಗ ಕಾಪಾಡಬೇಕಾದ ಸಾಧನವೇ ಕೈಕೊಟ್ಟಂತೆ.

ಕಿಟಕಿಗಳ ಹೊರಗೆ, ಚೌಕಟ್ಟಿನ ಸುತ್ತ ಹಾಕಿದ ಸಿಲಿಕೋನ್ ಎಲ್ಲಾದರೂ ಬಿಟ್ಟಿದೆಯೇ ನೋಡಿ. ಗಾಳಿಮಳೆಗೆ ನೀರು ಒಳಬರುವ ಹಾದಿ ಅದು. ಬಾಲ್ಕನಿಗೂ ಒಂದು ಬಕೆಟ್ ನೀರು ಸುರಿಯಿರಿ, ಕಂಬಿಯನ್ನು ಜೋರಾಗಿ ಅಲುಗಾಡಿಸಿ.

ಅಡುಗೆಮನೆಯ ಸಿಂಕನ್ನು ತುಂಬಿಸಿ ಒಮ್ಮೆಲೇ ಬಿಡಿ. ಕೆಳಗಿನ ಪೈಪಿನ ಕೀಲುಗಳನ್ನು ಒಣ ಕಾಗದದಿಂದ ಒರೆಸಿದರೆ ಕಣ್ಣಿಗೆ ಕಾಣದ ಸೋರಿಕೆಯೂ ಸಿಗುತ್ತದೆ.

ಮರುದಿನ ಕೆಳಗಿನ ಮನೆಯವರನ್ನು ಕೇಳಿ, ಅವರ ಬಚ್ಚಲಿನ ಸೂರು ನೋಡಿ. ಫಾಲ್ಸ್ ಸೀಲಿಂಗ್ ಇದ್ದರೆ ಅದರ ಮುಚ್ಚಳ ತೆಗೆಸಿ. ಪೈಪಿನ ಸುತ್ತ ಮಾತ್ರ ಒದ್ದೆಯಿದ್ದರೆ ಪೈಪ್ ಸ್ಲ್ಯಾಬ್ ತೂರುವ ಜಾಗದ ಸೀಲ್ ಸೋತಿರುವ ಸಂಭವ ಹೆಚ್ಚು. ಗೋಡೆಯುದ್ದಕ್ಕೂ ತೇವವಿದ್ದರೆ ವಾಟರ್‌ಪ್ರೂಫಿಂಗನ್ನು ಗೋಡೆಯ ಮೇಲಕ್ಕೆ ಸರಿಯಾಗಿ ಎತ್ತಿಲ್ಲವೇ ಎಂದು ವಿಚಾರಿಸಬೇಕು. ನೀರು ಗೆರೆಗಿಂತ ಸಾಕಷ್ಟು ಇಳಿದಿದ್ದು, ಕೆಳಗೆ ಎಲ್ಲೂ ತೇವ ಕಾಣದಿದ್ದರೆ ನೀವು ಮುಚ್ಚಿದ ಜಾಲರಿಯೇ ಸೋರಿರಬಹುದು. ಮತ್ತೊಮ್ಮೆ ಬಿಗಿಯಾಗಿ ಮುಚ್ಚಿ ಪರೀಕ್ಷಿಸಿ.

ದೋಷಗಳನ್ನು ಕೋಣೆವಾರು ಬರೆದು, ಫೋಟೊ ಸಮೇತ ಬಿಲ್ಡರ್‌ಗೆ ಇಮೇಲ್ ಮಾಡಿ. 2016ರ ರೇರಾ ಕಾಯ್ದೆಯ 14(3)ನೇ ಕಲಮಿನ ಪ್ರಕಾರ, ಸ್ವಾಧೀನ ಪಡೆದ 5 ವರ್ಷದೊಳಗೆ ಕಟ್ಟಡದ ರಚನೆ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಬಚ್ಚಲು ರಿಪೇರಿಯಾದರೆ, ಸರಿಯಾಗಿದೆ ಎಂದು ಒಪ್ಪಿ ಬರೆದುಕೊಡುವ ಮೊದಲು ಮತ್ತೆ 24 ಗಂಟೆ ನೀರು ನಿಲ್ಲಿಸಿ ನೋಡಿ.